ಪಿಜಿ ಸೇರುವ ಮುಂಚೆ: ಅಡ್ವಾನ್ಸ್ ಕೊಡುವುದಕ್ಕೆ ಮೊದಲು ಏನು ಕೇಳಬೇಕು, ಹೇಗೆ ಕೇಳಬೇಕು?

ಪ್ರಶ್ನೆ: ನಮ್ಮೂರು ಶಿರಸಿ. ಬೆಂಗಳೂರಿನ ಮಾರತ್‌ಹಳ್ಳಿ ಹತ್ತಿರದ ಕಂಪನಿಯಲ್ಲಿ ಕೆಲಸ ಸಿಕ್ಕಿದೆ. ಮಧ್ಯಾಹ್ನ 1ರಿಂದ ರಾತ್ರಿ 10ರವರೆಗೆ ಶಿಫ್ಟು. ಮೂರು ಲೇಡೀಸ್ ಪಿಜಿಗೆ ಫೋನ್ ಮಾಡಿದೆ. ಎಲ್ಲರೂ "ಊಟ, ವೈಫೈ, ವಾಷಿಂಗ್ ಮೆಷಿನ್ ಎಲ್ಲ ಇದೆ, ಬಂದು ನೋಡಿ" ಅಂತಾರೆ ಅಷ್ಟೇ. ಊಟದ ಟೈಮು, ರಾತ್ರಿ ಗೇಟು, ಬಟ್ಟೆ ಒಗೆಯೋದು, ಅಪ್ಪ ಅಮ್ಮ ಬಂದರೆ ಉಳಿಯೋದು, ನೋಟಿಸು, ಅಡ್ವಾನ್ಸ್ ವಾಪಸ್ಸು ಇವನ್ನೆಲ್ಲ ಹೇಗೆ ಕೇಳಿದರೆ ಸರಿಯಾದ ಉತ್ತರ ಸಿಗುತ್ತೆ ಮೇಡಂ?

ಉತ್ತರ: "ಇದೆಯಾ?" ಅಂತ ಕೇಳಿದರೆ ಯಾವ ಪಿಜಿಯಲ್ಲೂ "ಇದೆ" ಅನ್ನುವ ಉತ್ತರವೇ ಬರುತ್ತದೆ. ಅವರು ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ಊಟ ಇರುತ್ತದೆ, ಮೆಷಿನ್ ಇರುತ್ತದೆ, ಅಡ್ವಾನ್ಸ್ ವಾಪಸ್ ಕೊಡುವ ಪದ್ಧತಿಯೂ ಇರುತ್ತದೆ. ಅದು ನೀವು ಮನೆಯಲ್ಲಿರುವ ಹೊತ್ತಿಗೆ ಸಿಗುತ್ತದೆಯೇ, ನೀವು ಬಿಟ್ಟು ಹೋಗುವ ದಿನ ಕೈಗೆ ಬರುತ್ತದೆಯೇ ಅನ್ನುವುದು ಬೇರೆ ವಿಷಯ. ಬಿಟಿಎಂ ಲೇಔಟಿನಲ್ಲಿ ಹೆಣ್ಣುಮಕ್ಕಳ ಪಿಜಿಯೊಂದನ್ನು ಬಹಳ ವರ್ಷ ನೋಡಿಕೊಂಡವಳು ನಾನು. ಎನ್‌ಕ್ವೈರಿಗೆ ಬರುವ ಹುಡುಗಿಯರು ಬಾಡಿಗೆಯನ್ನು ಐನೂರು ರೂಪಾಯಿ ಇಳಿಸಲು ಅರ್ಧ ಗಂಟೆ ಚೌಕಾಸಿ ಮಾಡುತ್ತಾರೆ, ನೋಟಿಸ್ ಯಾವ ತಾರೀಖಿನಿಂದ ಎಣಿಸುತ್ತೀರಿ ಅಂತ ಕೇಳುವವರು ತೀರಾ ಕಡಿಮೆ. ದುಡ್ಡು ಹೋಗುವುದು ಹೆಚ್ಚಾಗಿ ಅಲ್ಲೇ.

ಹಾಗಾಗಿ ನಿಮ್ಮ ಒಂದು ದಿನವನ್ನು ಇದ್ದ ಹಾಗೆ ಅವರ ಮುಂದಿಟ್ಟು ಮಾತು ಶುರು ಮಾಡಿ. "ನಾನು ಮಧ್ಯಾಹ್ನ 12ಕ್ಕೆ ಹೊರಡ್ತೀನಿ. ಆಫೀಸ್ ಕ್ಯಾಬ್ ನನ್ನನ್ನು ರಾತ್ರಿ ಹನ್ನೊಂದು, ಹನ್ನೊಂದೂವರೆಗೆ ಬಿಡುತ್ತೆ. ಹಾಗಿದ್ರೆ ನಿಮ್ಮಲ್ಲಿ ನನಗೆ ಯಾವ್ಯಾವ ಊಟ ಸಿಗುತ್ತೆ, ಗೇಟ್ ಯಾರು ತೆಗೀತಾರೆ?" ಈ ಪ್ರಶ್ನೆಗೆ "ಎಲ್ಲ ಇದೆ" ಅನ್ನುವ ಉತ್ತರ ಕೊಡುವುದಕ್ಕೆ ಬರುವುದಿಲ್ಲ. ಮ್ಯಾನೇಜರ್ ಒಂದು ಕ್ಷಣ ಯೋಚಿಸಲೇಬೇಕು. ಯೋಚಿಸಿ ಹೇಳಿದರೆ ಒಳ್ಳೆಯದು. "ಅದೆಲ್ಲ ಬನ್ನಿ, ಅಡ್ಜಸ್ಟ್ ಮಾಡೋಣ" ಅಂದರೆ ಆ ಪಿಜಿಯಲ್ಲಿ ನಿಮ್ಮ ಶಿಫ್ಟಿನವರು ಬಹುಶಃ ಯಾರೂ ಇಲ್ಲ ಅಂತ ತಿಳಿಯಿರಿ.

ಊಟದ ಲೆಕ್ಕ ನಿಮ್ಮ ವಿಷಯದಲ್ಲಿ ಹೇಗಾಗುತ್ತದೆ ನೋಡೋಣ. ಹೆಚ್ಚಿನ ಪಿಜಿಗಳಲ್ಲಿ ತಿಂಡಿ ಬೆಳಗ್ಗೆ ಏಳೂವರೆಯಿಂದ ಒಂಬತ್ತೂವರೆ, ರಾತ್ರಿ ಊಟ ಎಂಟರಿಂದ ಹತ್ತು. ವಾರದ ದಿನಗಳಲ್ಲಿ ಮಧ್ಯಾಹ್ನದ ಊಟ ಇರುವುದಿಲ್ಲ, ಇದ್ದರೂ ಬೆಳಗ್ಗೆ ಎಂಟೂವರೆಯೊಳಗೆ ನೀವೇ ಡಬ್ಬಿಗೆ ತುಂಬಿಕೊಳ್ಳಬೇಕು. ಅಂದರೆ ರಾತ್ರಿ ಹನ್ನೆರಡೂವರೆಗೆ ಮಲಗುವ ನೀವು ಒಂಬತ್ತೂವರೆಯೊಳಗೆ ಎದ್ದು ಕೆಳಗಿಳಿದರೆ ಒಂದು ತಿಂಡಿ ಸಿಗುತ್ತದೆ, ಅಷ್ಟೇ. ರಾತ್ರಿ ಬರುವಾಗ ಅಡುಗೆಮನೆಗೆ ಬೀಗ ಬಿದ್ದಿರುತ್ತದೆ. ಬಾಡಿಗೆಯಲ್ಲಿ ಮಾತ್ರ ನೀವು ಉಣ್ಣದ ಊಟದ ದುಡ್ಡೂ ಸೇರಿರುತ್ತದೆ. "ಊಟ ಬೇಡ, ಬಾಡಿಗೆ ಕಡಿಮೆ ಮಾಡ್ತೀರಾ?" ಅಂತ ಒಮ್ಮೆ ಕೇಳಿ ನೋಡಿ. ಬಹುತೇಕರು ಒಪ್ಪುವುದಿಲ್ಲ, ಯಾಕೆಂದರೆ ಅವರು ಅಡುಗೆ ಮಾಡುವುದು ತಲೆ ಎಣಿಸಿ ಅಲ್ಲ, ಅಂದಾಜಿನ ಮೇಲೆ. ಅರವತ್ತು ಜನ ಇರುವ ಕಡೆ ರಾತ್ರಿ ಊಟಕ್ಕೆ ನಲವತ್ತು ನಲವತ್ತೈದು ಜನ ಬರುತ್ತಾರೆ ಅಂತ ಲೆಕ್ಕ ಹಾಕಿಯೇ ಅಕ್ಕಿ ಹಾಕುತ್ತಾರೆ. ನೀವು ಉಣ್ಣದೆ ಇರುವುದನ್ನು ಅವರು ಮೊದಲೇ ಎಣಿಸಿ ಆಗಿರುತ್ತದೆ.

ಆದ್ದರಿಂದ ಬಾಡಿಗೆ ಇಳಿಸುವುದಕ್ಕಿಂತ ಊಟ ತೆಗೆದಿಡುವುದರ ಬಗ್ಗೆ ಮಾತಾಡಿ. ತೆಗೆದಿಡುತ್ತಾರೆ ಅಂದರೆ ಸಾಲದು, ಎಲ್ಲಿ ಇಡುತ್ತಾರೆ, ಯಾರು ಇಡುತ್ತಾರೆ ಅಂತ ಕೇಳಿ. ಕೆಲವು ಕಡೆ ನಿಮ್ಮ ಹೆಸರು ಬರೆದ ಡಬ್ಬಿಯನ್ನು ನೀವು ಹೊರಡುವಾಗ ಅಡುಗೆಮನೆಯಲ್ಲಿ ಇಟ್ಟು ಹೋದರೆ ಅಡುಗೆಯವರು ತುಂಬಿ ಇಡುತ್ತಾರೆ. ಕೆಲವು ಕಡೆ ಊಟದ ಹಾಲಿನ ಮೇಜಿನ ಮೇಲೆ ಪಾತ್ರೆ ಹಾಗೇ ಬಿಟ್ಟಿರುತ್ತಾರೆ, ಮೊದಲು ಬಂದವರಿಗೆ ಪಲ್ಯ, ಕೊನೆಗೆ ಬಂದವರಿಗೆ ಬರೀ ಅನ್ನ. ಎಂಟು ಗಂಟೆಗೆ ಮಾಡಿದ ಸಾಂಬಾರು ಏಪ್ರಿಲ್ ತಿಂಗಳಲ್ಲಿ ಹನ್ನೊಂದೂವರೆಗೆ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಹಾಗಾಗಿ ಹುಡುಗಿಯರು ಬಳಸಬಹುದಾದ ಫ್ರಿಜ್, ಬಿಸಿ ಮಾಡಿಕೊಳ್ಳಲು ಓವನ್ ಅಥವಾ ಒಂದು ಒಲೆ ಅಡುಗೆಮನೆಯ ಬೀಗದ ಹೊರಗಿದೆಯೇ ನೋಡಿ. ರೂಮಿನಲ್ಲಿ ಇಂಡಕ್ಷನ್ ಇಟ್ಟುಕೊಳ್ಳಲು ಸಾಮಾನ್ಯವಾಗಿ ಬಿಡುವುದಿಲ್ಲ, ಸಿಕ್ಕಿದರೆ ದಂಡ ಹಾಕುವ ಪಿಜಿಗಳೂ ಇವೆ. ಭಾನುವಾರದ್ದನ್ನು ಬೇರೆಯಾಗಿ ಕೇಳಿ. ಭಾನುವಾರ ಮಧ್ಯಾಹ್ನ ಸ್ಪೆಷಲ್ ಮಾಡಿ ರಾತ್ರಿ ಅಡುಗೆಯವರಿಗೆ ರಜೆ ಕೊಡುವುದು ಎಷ್ಟೋ ಕಡೆ ರೂಢಿ, ಅದನ್ನು ಮೆನು ಬೋರ್ಡಿನಲ್ಲಿ ಬರೆದಿರುವುದಿಲ್ಲ.

ನೋಡಲು ಹೋಗುವ ಹೊತ್ತು ಬೆಳಗ್ಗೆ ಹನ್ನೊಂದು ಗಂಟೆ ಬೇಡ. ಆಗ ಕಟ್ಟಡ ಖಾಲಿ ಇರುತ್ತದೆ, ನೆಲ ಒರೆಸಿರುತ್ತಾರೆ, ಎಲ್ಲವೂ ಚೆನ್ನಾಗಿ ಕಾಣುತ್ತದೆ. ರಾತ್ರಿ ಒಂಬತ್ತೂವರೆಗೆ ಹೋಗಿ. ಊಟ ಮುಗಿಯುವ ಹೊತ್ತಿಗೆ ಪಾತ್ರೆಯಲ್ಲಿ ಏನು ಉಳಿದಿದೆ ಕಾಣುತ್ತದೆ, ಕೈ ತೊಳೆಯುವ ನಲ್ಲಿಯಲ್ಲಿ ನೀರು ಬರುತ್ತಿದೆಯೇ ಗೊತ್ತಾಗುತ್ತದೆ, ಮುಖ್ಯವಾಗಿ ಅಲ್ಲಿರುವ ಹುಡುಗಿಯರು ಸಿಗುತ್ತಾರೆ. ಅವರ ಹತ್ತಿರ ಏನು ಕೇಳಬೇಕು ಅನ್ನುವುದನ್ನು ಮುಂದೆ ಹೇಳುತ್ತೇನೆ.

ಗೇಟಿನ ವಿಷಯಕ್ಕೆ ಬರುತ್ತೇನೆ. ಹತ್ತು ಗಂಟೆ, ಹತ್ತೂವರೆ ಅಂತ ಬೋರ್ಡಿನಲ್ಲಿ ಇರುತ್ತದೆ. ಶಿಫ್ಟಿನಲ್ಲಿ ದುಡಿಯುವವರಿಗೆ ಇದರಿಂದ ಬಿಡುವು ಕೊಡದೆ ಮಾರತ್‌ಹಳ್ಳಿ, ಬೆಳ್ಳಂದೂರು ಕಡೆ ಪಿಜಿ ನಡೆಸುವುದು ಕಷ್ಟ, ಹಾಗಾಗಿ "ಆಫೀಸ್ ಅಂದ್ರೆ ಪರವಾಗಿಲ್ಲ" ಅಂತ ಬಾಯಲ್ಲಿ ಹೇಳುತ್ತಾರೆ. ನಿಮಗೆ ಬೇಕಾದ್ದು ಅದರ ವಿವರ. ರಾತ್ರಿ ಗೇಟಿನ ಬಳಿ ಎಚ್ಚರವಾಗಿರುವ ಮನುಷ್ಯ ಒಬ್ಬರು ಇರುತ್ತಾರೆಯೇ, ಅಥವಾ ವಾರ್ಡನ್‌ಗೆ ಫೋನ್ ಮಾಡಿ ಎಬ್ಬಿಸಬೇಕೇ? ಮೊದಲ ವಾರ ವಾರ್ಡನ್ ನಗುತ್ತಾ ಎದ್ದು ಬರುತ್ತಾರೆ, ಮೂರನೇ ವಾರ ಫೋನ್ ಎತ್ತುವುದಿಲ್ಲ, ನೀವು ಕ್ಯಾಬಿನಿಂದ ಇಳಿದು ಗೇಟಿನ ಹೊರಗೆ ಒಬ್ಬರೇ ನಿಂತಿರುತ್ತೀರಿ. ಕಂಪನಿಯ ಎಚ್‌ಆರ್‌ನಿಂದ ಶಿಫ್ಟ್ ಸಮಯ ಬರೆದ ಒಂದು ಪತ್ರ ಅಥವಾ ಇಮೇಲ್ ತಂದುಕೊಡುತ್ತೇನೆ, ರಿಜಿಸ್ಟರಿನಲ್ಲಿ ನನ್ನ ಹೆಸರಿನ ಮುಂದೆ 11:45 ಅಂತ ಬರೆದುಕೊಳ್ಳಿ ಅಂತ ನೀವೇ ಹೇಳಿ. ಪತ್ರ ಇದ್ದರೆ ದಿನಾ ರಾತ್ರಿ ವಿವರಣೆ ಕೊಡುವ ಪಾಡು ತಪ್ಪುತ್ತದೆ, ಮ್ಯಾನೇಜರ್ ಬದಲಾದರೂ ಮಾತು ನಿಲ್ಲುತ್ತದೆ.

ಊರಿನವರು ಮರೆಯುವ ಇನ್ನೊಂದು ಸಮಯ ಇದೆ, ಬೆಳಗಿನ ಜಾವ. ಭಾನುವಾರ ರಾತ್ರಿ ಶಿರಸಿಯಲ್ಲಿ ಬಸ್ ಹತ್ತಿದರೆ ಬೆಂಗಳೂರಿನಲ್ಲಿ ಇಳಿಯುವಾಗ ಇನ್ನೂ ಕತ್ತಲು. ಐದು ಗಂಟೆಗೆ ಬ್ಯಾಗ್ ಹಿಡಿದು ಬಂದರೆ ಗೇಟ್ ತೆಗೆಯುತ್ತಾರೆಯೇ? ಕೆಲವು ಪಿಜಿಗಳಲ್ಲಿ ಆರಕ್ಕೆ ಮುಂಚೆ ಬೀಗ ತೆಗೆಯುವುದಿಲ್ಲ. ಊರಿಗೆ ಹೋಗಿ ಬರುವವರಿಗೆ ರಾತ್ರಿಯ ಕರ್ಫ್ಯೂಗಿಂತ ಇದೇ ಹೆಚ್ಚು ಸಲ ಎದುರಾಗುತ್ತದೆ. ತಡವಾದರೆ ಮನೆಗೆ ಫೋನ್ ಮಾಡುತ್ತೀರಾ ಅಂತಲೂ ಕೇಳಿಡಿ. ಕೆಲವು ಕಡೆ ಮಾಡುತ್ತಾರೆ. ಹಾಗಿದ್ದರೆ ನಿಮ್ಮ ತಂದೆಯವರಿಗೆ ಶಿಫ್ಟಿನ ವಿಷಯ ಮೊದಲೇ ತಿಳಿಸಿ, ನಡುರಾತ್ರಿ ಫೋನ್ ಬಂದು ಅವರು ಗಾಬರಿಯಾಗುವುದು ಬೇಡ.

ಬಟ್ಟೆಯ ವಿಷಯದಲ್ಲಿ ನಿಮ್ಮ ಶಿಫ್ಟು ನಿಮಗೆ ಅನುಕೂಲವೇ. ಅರವತ್ತು ಜನಕ್ಕೆ ಎರಡು ಮೆಷಿನ್ ಇರುವ ಕಡೆ ಶನಿವಾರ ಭಾನುವಾರ ಬಕೆಟ್ ಸಾಲು ನಿಂತಿರುತ್ತದೆ, ಮಂಗಳವಾರ ಬೆಳಗ್ಗೆ ಹತ್ತಕ್ಕೆ ಮೆಷಿನ್ ಖಾಲಿ ಇರುತ್ತದೆ. ಆದರೆ ಆ ಹೊತ್ತಿಗೆ ನೀರು ಇರುತ್ತದೆಯೇ? ಎಲ್ಲರೂ ಸ್ನಾನ ಮುಗಿಸಿದ ಮೇಲೆ ಟ್ಯಾಂಕ್ ಬರಿದಾಗಿ, ಟ್ಯಾಂಕರ್ ಬರುವವರೆಗೆ ಮೆಷಿನ್ ಕನೆಕ್ಷನ್ ನಿಲ್ಲಿಸಿಡುವ ಕಟ್ಟಡಗಳು ಆ ಕಡೆ ಬೇಕಾದಷ್ಟಿವೆ. ನೋಡಲು ಹೋದಾಗ ಮೆಷಿನ್ ಮುಚ್ಚಳ ತೆಗೆದು ಒಳಗಿನ ಜಾಲರಿ ಚೀಲವನ್ನು ನೋಡಿ. ಅದರಲ್ಲಿ ಕೂದಲು, ನೂಲು ಗಟ್ಟಿಯಾಗಿ ಅಂಟಿಕೊಂಡಿದ್ದರೆ ಯಾರೂ ನಿಗಾ ಇಟ್ಟಿಲ್ಲ, ನಿಮ್ಮ ಬಿಳಿ ಚೂಡಿದಾರ ಅದೇ ಬಣ್ಣದಲ್ಲಿ ಹೊರಬರುವುದಿಲ್ಲ. ಆಮೇಲೆ ಮಹಡಿಗೆ ಹೋಗಿ. ಒಣಹಾಕುವ ತಂತಿ ಎಷ್ಟಿದೆ, ಮಳೆಗಾಲಕ್ಕೆ ಶೀಟ್ ಹಾಕಿದ ಜಾಗ ಇದೆಯೇ, ಟೆರೇಸ್ ಬಾಗಿಲಿಗೆ ಎಷ್ಟು ಗಂಟೆಗೆ ಬೀಗ ಹಾಕುತ್ತಾರೆ, ಇಷ್ಟು ಸಾಕು. ಮಧ್ಯಾಹ್ನ ಹನ್ನೆರಡಕ್ಕೆ ಒಣಹಾಕಿ ಹೋದ ಬಟ್ಟೆಯನ್ನು ಸಂಜೆ ಏಳಕ್ಕೆ ಟೆರೇಸ್ ಮುಚ್ಚುವ ಮುಂಚೆ ತೆಗೆಯಲು ನೀವು ಇರುವುದಿಲ್ಲ. ರೂಮ್‌ಮೇಟ್ ಹತ್ತಿರ ಹೇಳಿಡಬೇಕಾಗುತ್ತದೆ. ಧೋಬಿಗೆ ಕೊಡುವ ವ್ಯವಸ್ಥೆ ಇದ್ದರೆ ಒಂದು ಬಟ್ಟೆಗೆ ಎಷ್ಟು, ಕಳೆದುಹೋದರೆ ಯಾರು ಜವಾಬ್ದಾರಿ ಅಂತ ಕೇಳಿ.

ಬರುವವರ ವಿಷಯ. ಅಮ್ಮ ಬಂದರೆ ಒಂದು ರಾತ್ರಿ ಉಳಿಯಬಹುದೇ ಅನ್ನುವುದಕ್ಕೆ ಹೆಚ್ಚಿನ ಲೇಡೀಸ್ ಪಿಜಿಗಳು ಹೌದು ಅನ್ನುತ್ತವೆ, ದಿನಕ್ಕೆ ಇಷ್ಟು ಅಂತ ಗೆಸ್ಟ್ ಚಾರ್ಜ್ ಹಾಕುತ್ತವೆ. ಅದರಲ್ಲಿ ಊಟ ಸೇರಿದೆಯೇ, ಬೇರೆ ಮಂಚ ಕೊಡುತ್ತಾರೆಯೇ ಅಥವಾ ನಿಮ್ಮ ಮಂಚದಲ್ಲೇ ಇಬ್ಬರೂ ಮಲಗಬೇಕೇ, ಎಷ್ಟು ದಿನ ಬಿಡುತ್ತಾರೆ, ರೂಮಿನ ಉಳಿದವರ ಒಪ್ಪಿಗೆ ಬೇಕೇ, ಇವನ್ನು ಕೇಳಿ. ಅಪ್ಪನಿಗೆ ರಿಸೆಪ್ಷನ್‌ವರೆಗೆ ಮಾತ್ರ ಪ್ರವೇಶ ಇರುತ್ತದೆ, ಸಾಮಾನು ತಂದ ಮೊದಲ ದಿನ ರೂಮಿನವರೆಗೆ ಬಿಡುತ್ತಾರೆ. ಅವರಿಗೆ ರಾತ್ರಿ ಉಳಿಯಲು ಬೇರೆ ಜಾಗ ನೋಡಿಕೊಳ್ಳಬೇಕು, ಇದನ್ನು ಶಿರಸಿಯಿಂದ ಹೊರಡುವ ಮುಂಚೆಯೇ ಅವರಿಗೆ ಹೇಳಿ.

ಇದೇ ಪ್ರಶ್ನೆಯ ಇನ್ನೊಂದು ಬದಿ ನನಗೆ ಹೆಚ್ಚು ಮುಖ್ಯ ಅನಿಸುತ್ತದೆ: ನಿಮ್ಮವರಲ್ಲದವರು ಯಾರ್ಯಾರು ಒಳಗೆ ಬರುತ್ತಾರೆ? 2024ರ ಜುಲೈನಲ್ಲಿ ಕೋರಮಂಗಲದ ಪಿಜಿಯೊಂದರಲ್ಲಿ ರಾತ್ರಿ ಹೊರಗಿನವನೊಬ್ಬ ಒಳಗೆ ಬಂದು ಯುವತಿಯೊಬ್ಬಳನ್ನು ಕೊಂದ. ಅದಾದ ಮೇಲೆ ಆಗಸ್ಟ್‌ನಲ್ಲಿ ಬಿಬಿಎಂಪಿ ಪಿಜಿಗಳಿಗೆ ಮಾರ್ಗಸೂಚಿ ಹೊರಡಿಸಿತು. ಬಾಗಿಲುಗಳಲ್ಲಿ ಸಿಸಿಟಿವಿ, ದಿನದ 24 ಗಂಟೆಯೂ ಕಾವಲಿಗೆ ಸಿಬ್ಬಂದಿ, ಒಬ್ಬರಿಗೆ ಕನಿಷ್ಠ 70 ಚದರಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಅಡುಗೆಮನೆಗೆ ಆಹಾರ ಸುರಕ್ಷತಾ ಲೈಸೆನ್ಸ್, ಗೋಡೆ ಮೇಲೆ ಪಾಲಿಕೆಯ ಮತ್ತು ಪೊಲೀಸರ ಸಹಾಯವಾಣಿ ನಂಬರ್ ಹಾಕಿದ ಫಲಕ, ಇವೆಲ್ಲ ಅದರಲ್ಲಿವೆ. ಟ್ರೇಡ್ ಲೈಸೆನ್ಸಿನ ಪ್ರತಿಯನ್ನು ರಿಸೆಪ್ಷನ್ನಿನಲ್ಲಿ ತೂಗುಹಾಕಿದ್ದರೆ ಓದಿ, ಅದರಲ್ಲಿರುವ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ನಲ್ಲಿ ರಿಪೇರಿಯವರು, ವೈಫೈಯವರು ಬಂದಾಗ ಜೊತೆಗೆ ಯಾರು ಇರುತ್ತಾರೆ ಅಂತ ಕೇಳಿ. ಹಗಲು ಹೊತ್ತು ರೂಮಿನಲ್ಲಿ ಒಬ್ಬರೇ ಇರುವವರು ನೀವು.

ಇನ್ನು ನೋಟಿಸ್ ಮತ್ತು ಅಡ್ವಾನ್ಸ್. ಇವೆರಡನ್ನು ಬೇರೆ ಬೇರೆಯಾಗಿ ಕೇಳಬೇಡಿ, ಒಂದರ ಉತ್ತರ ಇನ್ನೊಂದರಲ್ಲಿದೆ. "ಒಂದು ತಿಂಗಳ ನೋಟಿಸ್" ಅಂತ ಎಲ್ಲರೂ ಹೇಳುತ್ತಾರೆ. ಅದನ್ನು ಎಣಿಸುವ ರೀತಿ ಎರಡಿವೆ. ಒಂದು, ನೀವು ಹೇಳಿದ ದಿನದಿಂದ ಮೂವತ್ತು ದಿನ. ಇನ್ನೊಂದು, ತಿಂಗಳ 5ನೇ ತಾರೀಖಿನೊಳಗೆ ಹೇಳಿದರೆ ಆ ತಿಂಗಳ ಕೊನೆಗೆ ಖಾಲಿ ಮಾಡಬಹುದು, ಅದು ದಾಟಿದರೆ ಮುಂದಿನ ತಿಂಗಳ ಕೊನೆಯವರೆಗಿನ ಬಾಡಿಗೆ ಕಟ್ಟಬೇಕು. ಕೆಲವು ಕಡೆ ಆ ಗಡುವು 1ನೇ ತಾರೀಖು.

ಲೆಕ್ಕ ಹಾಕೋಣ. ತ್ರೀ ಶೇರಿಂಗ್ ಬಾಡಿಗೆ 9,000, ಅಡ್ವಾನ್ಸ್ 9,000, ಖಾಲಿ ಮಾಡುವಾಗ ಮೇಂಟೆನೆನ್ಸ್ ಅಂತ 1,000 ಹಿಡಿದುಕೊಳ್ಳುತ್ತಾರೆ ಅಂತ ಇಟ್ಟುಕೊಳ್ಳಿ. ನೀವು ಅಕ್ಟೋಬರ್ 6ರಂದು ನೋಟಿಸ್ ಕೊಟ್ಟು ನವೆಂಬರ್ 5ಕ್ಕೆ ಹೊರಡಬೇಕು ಅಂತಿದ್ದೀರಿ. ಅಕ್ಟೋಬರ್ ಬಾಡಿಗೆ ಕಟ್ಟಿ ಆಗಿದೆ. ಮೊದಲ ರೀತಿಯಲ್ಲಿ ನವೆಂಬರಿನ ಐದು ದಿನಕ್ಕೆ ದಿನಕ್ಕೆ 300ರಂತೆ 1,500 ಆಗುತ್ತದೆ. ಅಡ್ವಾನ್ಸಿನಲ್ಲಿ ವಾಪಸ್ ಬರಬೇಕಾದ 8,000ದಲ್ಲಿ ಅದನ್ನು ಕಳೆದರೆ ನಿಮ್ಮ ಕೈಗೆ 6,500 ಬರುತ್ತದೆ. ಎರಡನೆಯ ರೀತಿಯಲ್ಲಿ ನೀವು 5ನೇ ತಾರೀಖನ್ನು ಒಂದು ದಿನ ದಾಟಿದ್ದೀರಿ, ಹಾಗಾಗಿ ನವೆಂಬರಿನ ಪೂರ್ತಿ 9,000 ನಿಮ್ಮ ಮೇಲೆ. ಅಡ್ವಾನ್ಸಿನ 8,000 ಅದಕ್ಕೆ ಹೋಗಿ, ಮೇಲಿಂದ ನೀವೇ 1,000 ಕೊಟ್ಟು ಬರಬೇಕು. ಬಾಡಿಗೆ ಅದೇ, ಅಡ್ವಾನ್ಸ್ ಅದೇ, "ಒಂದು ತಿಂಗಳ ನೋಟಿಸ್" ಅನ್ನುವ ಮಾತೂ ಅದೇ. ವ್ಯತ್ಯಾಸ 7,500 ರೂಪಾಯಿ. ಹಾಗಾಗಿ ನೋಟಿಸ್ ಎಷ್ಟು ದಿನ ಅಂತ ಕೇಳುವ ಬದಲು ಇದೇ ಉದಾಹರಣೆ ಕೊಡಿ: "ನಾನು 6ನೇ ತಾರೀಖು ಹೇಳಿದ್ರೆ ಯಾವತ್ತಿನವರೆಗೆ ಬಾಡಿಗೆ ಕಟ್ಟಬೇಕು, ಎಷ್ಟು ವಾಪಸ್ ಬರುತ್ತೆ?" ಬಾಯಿಲೆಕ್ಕ ಮಾಡಿ ಅವರು ಒಂದು ಅಂಕಿ ಹೇಳಲಿ.

ಇದರ ಜೊತೆ ಕನಿಷ್ಠ ಎಷ್ಟು ತಿಂಗಳು ಇರಬೇಕು ಅನ್ನುವುದನ್ನೂ ಕೇಳಿ. ಮೂರು ತಿಂಗಳೊಳಗೆ ಬಿಟ್ಟರೆ ಅಡ್ವಾನ್ಸ್ ಪೂರ್ತಿ ಹೋಯಿತು ಅನ್ನುವ ನಿಯಮ ಕೆಲವು ಕಡೆ ಇದೆ. ಹೊಸ ಕೆಲಸ, ಪ್ರಾಜೆಕ್ಟ್ ಬದಲಾಗಿ ಕಂಪನಿಯವರು ಬೇರೆ ಆಫೀಸಿಗೆ ಹಾಕಿದರೆ ನಿಮಗೆ ಅದೇ ಪೆಟ್ಟು.

ಅಡ್ವಾನ್ಸ್ ವಾಪಸ್ ಬರಲು ಯಾಕೆ ತಡವಾಗುತ್ತದೆ ಅನ್ನುವುದನ್ನು ಒಳಗಿನಿಂದ ಹೇಳುತ್ತೇನೆ. ಪಿಜಿ ನಡೆಸುವವರಲ್ಲಿ ಬಹಳ ಜನಕ್ಕೆ ಕಟ್ಟಡ ಸ್ವಂತದ್ದಲ್ಲ. ಮಾಲೀಕರಿಗೆ ದೊಡ್ಡ ಮೊತ್ತದ ಅಡ್ವಾನ್ಸ್ ಕೊಟ್ಟು, ಮಂಚ ಹಾಸಿಗೆ ಹಾಕಿಸಿ ನಡೆಸುತ್ತಾರೆ. ನೀವು ಕೊಟ್ಟ 9,000 ಪೆಟ್ಟಿಗೆಯಲ್ಲಿ ಕೂತಿರುವುದಿಲ್ಲ, ಆ ತಿಂಗಳ ರೇಷನ್ನಿಗೋ ಕಟ್ಟಡದ ಬಾಡಿಗೆಗೋ ಹೋಗಿರುತ್ತದೆ. ನೀವು ಬಿಟ್ಟು ಹೋಗುವಾಗ ನಿಮ್ಮ ಮಂಚಕ್ಕೆ ಬರುವ ಹೊಸ ಹುಡುಗಿಯ ಅಡ್ವಾನ್ಸಿನಿಂದ ನಿಮ್ಮದನ್ನು ಕೊಡುತ್ತಾರೆ. ಮಂಚ ತುಂಬಿದರೆ ಬೇಗ ಬರುತ್ತದೆ, ತುಂಬದಿದ್ದರೆ "ಮುಂದಿನ ವಾರ" ಶುರುವಾಗುತ್ತದೆ. ಇನ್ನೂ ಕೆಟ್ಟದ್ದು, ನಡುವೆ ಪಿಜಿ ಕೈ ಬದಲಾಗುವುದು. ನಡೆಸುತ್ತಿದ್ದವರು ಇನ್ನೊಬ್ಬರಿಗೆ ಬಿಟ್ಟುಕೊಟ್ಟು ಹೋಗುತ್ತಾರೆ, ಹೊಸಬರು "ಆ ಅಡ್ವಾನ್ಸ್ ನಮ್ಮ ಕೈಗೆ ಬಂದಿಲ್ಲ" ಅನ್ನುತ್ತಾರೆ. ನಾನು ನೋಡಿಕೊಳ್ಳುತ್ತಿದ್ದ ಪಿಜಿಯ ಪಕ್ಕದ ಕಟ್ಟಡದಲ್ಲೇ ಹೀಗಾಗಿ, ಹುಡುಗಿಯರು ಹಳೆಯ ಮ್ಯಾನೇಜರ್ ನಂಬರಿಗೆ ಫೋನ್ ಮಾಡಿ ಮಾಡಿ ಸುಸ್ತಾಗಿದ್ದರು. ಅವರಲ್ಲಿ ದುಡ್ಡು ಸಿಕ್ಕಿದ್ದು ಪಿಜಿ ಹೆಸರಿನ ರಸೀದಿ ಇದ್ದವರಿಗೆ ಮಾತ್ರ. ಮ್ಯಾನೇಜರನ ಸ್ವಂತ ನಂಬರಿಗೆ ಫೋನ್‌ಪೇ ಮಾಡಿದವರಿಗೆ ಏನೂ ಬರಲಿಲ್ಲ.

ಅದಕ್ಕೇ ಕೇಳಿ: ಕಟ್ಟಡ ಸ್ವಂತದ್ದೋ, ಲೀಸೋ? ಎಷ್ಟು ಕಾಲದಿಂದ ನೀವೇ ನಡೆಸುತ್ತಿದ್ದೀರಿ? ಅಡ್ವಾನ್ಸ್ ಯಾರ ಹೆಸರಿನ ಖಾತೆಗೆ ಹಾಕಬೇಕು? ಸ್ಕ್ಯಾನ್ ಮಾಡಿದಾಗ ಪರದೆ ಮೇಲೆ ಬರುವ ಹೆಸರು, ರಸೀದಿಯ ಹೆಸರು, ಗೋಡೆ ಮೇಲಿನ ಲೈಸೆನ್ಸಿನ ಹೆಸರು ಒಂದಕ್ಕೊಂದು ತಾಳೆಯಾಗಬೇಕು. ಆಗದಿದ್ದರೆ ಯಾಕೆ ಅಂತ ಕೇಳಿ, ಕಾರಣ ಸರಿಯಿದ್ದರೆ ಸಂಕೋಚವಿಲ್ಲದೆ ಹೇಳುತ್ತಾರೆ. ಮಂಚ ಹಿಡಿದಿಡಲು ಟೋಕನ್ ಕೇಳಿದರೆ, ಕಣ್ಣಾರೆ ನೋಡುವ ಮುಂಚೆ ಊರಿನಿಂದಲೇ ಹಾಕಬೇಡಿ.

ಸಾಧ್ಯವಾದರೆ ಇನ್ನೊಂದನ್ನು ಕೇಳಿ ನೋಡಿ: "ಕೊನೇ ತಿಂಗಳ ಬಾಡಿಗೆಗೆ ಅಡ್ವಾನ್ಸ್ ಅಡ್ಜಸ್ಟ್ ಮಾಡ್ಕೋಬಹುದಾ?" ಕೆಲವರು ಒಪ್ಪುತ್ತಾರೆ. ಒಪ್ಪಿದರೆ ವಾಪಸ್ ಪಡೆಯುವ ತಲೆನೋವೇ ಇಲ್ಲ, ನೋಟಿಸ್ ಕೊಟ್ಟ ಮೇಲಿನ ತಿಂಗಳು ಬಾಡಿಗೆ ಕಟ್ಟದೆ ಇದ್ದು ಹೊರಡುತ್ತೀರಿ. ನನ್ನ ಕೇಳಿದರೆ, ಇದಕ್ಕೆ ಒಪ್ಪುವ ಪಿಜಿಯಲ್ಲಿ ಬಾಡಿಗೆ ಐನೂರು ಹೆಚ್ಚಿದ್ದರೂ ಅದನ್ನೇ ಆರಿಸಿ ಅನ್ನುತ್ತೇನೆ. ಒಪ್ಪದವರೆಲ್ಲ ಕೆಟ್ಟವರಲ್ಲ. ಮಂಚ ಮುರಿದಿದ್ದರೆ, ಕೀ ಕಳೆದಿದ್ದರೆ ಹಿಡಿದುಕೊಳ್ಳಲು ಅವರ ಕೈಯಲ್ಲಿ ಏನಾದರೂ ಬೇಕು. ಅಂಥವರ ಹತ್ತಿರ, ಏನೇನಕ್ಕೆ ಹಿಡಿಯುತ್ತೀರಿ, ಖಾಲಿ ಮಾಡಿದ ದಿನವೇ ಕೊಡುತ್ತೀರೋ ಎಷ್ಟು ದಿನದೊಳಗೆ ಕೊಡುತ್ತೀರೋ ಅಂತ ಬರೆಸಿಕೊಳ್ಳಿ. ಬಾಡಿಗೆ ಮೇಲೆ ಜಿಎಸ್‌ಟಿ ಅಂತ ಸೇರಿಸಿದರೆ ಸುಮ್ಮನೆ ಒಪ್ಪಬೇಡಿ. ಒಬ್ಬರಿಗೆ ತಿಂಗಳಿಗೆ 20,000 ರೂಪಾಯಿವರೆಗಿನ ವಸತಿಗೆ, ಸತತ 90 ದಿನ ಇರುವವರಿಗೆ, 2024ರಿಂದ ವಿನಾಯಿತಿ ಇದೆ.

ಈಗ ರಾತ್ರಿ ಒಂಬತ್ತೂವರೆಗೆ ಕೈ ತೊಳೆಯುವ ಜಾಗದಲ್ಲಿ ಸಿಗುವ ಹುಡುಗಿಯ ಹತ್ತಿರ ಏನು ಕೇಳಬೇಕು ಅನ್ನುವುದು. "ಪಿಜಿ ಹೇಗಿದೆ?" ಅಂದರೆ "ಪರವಾಗಿಲ್ಲ" ಅನ್ನುತ್ತಾಳೆ, ಮ್ಯಾನೇಜರ್ ಅಲ್ಲೇ ನಿಂತಿರುತ್ತಾರೆ. "ಈಚೆಗೆ ನಿಮ್ಮ ರೂಮಿಂದ ಯಾರಾದ್ರೂ ಖಾಲಿ ಮಾಡಿದ್ರಾ? ಅವರಿಗೆ ಅಡ್ವಾನ್ಸ್ ಎಷ್ಟು ದಿನಕ್ಕೆ ಬಂತು, ಎಷ್ಟು ಹಿಡ್ಕೊಂಡ್ರು?" ಅಂತ ಕೇಳಿ. ಹಾಗೇ "ಹನ್ನೊಂದೂವರೆಗೆ ಬರೋರು ಇಲ್ಲಿ ಯಾರಿದ್ದಾರೆ?" ಅಂತ ಕೇಳಿ, ಇದ್ದರೆ ಅವರ ನಂಬರ್ ತಗೊಳ್ಳಿ. ಇಬ್ಬರ ಹತ್ತಿರ ಕೇಳಿ, ಇಬ್ಬರೂ ಒಂದೇ ಉತ್ತರ ಕೊಟ್ಟರೆ ನಂಬಬಹುದು.

ಎಲ್ಲ ಕೇಳಿ ಆದ ಮೇಲೆ, ಅಡ್ವಾನ್ಸ್ ಹಾಕುವ ಮುಂಚೆ, ಮ್ಯಾನೇಜರಿಗೆ ಒಂದು ವಾಟ್ಸಾಪ್ ಕಳಿಸಿ. ಬಹುತೇಕ ಪಿಜಿಗಳಲ್ಲಿ ಅಗ್ರಿಮೆಂಟ್ ಅಂತ ಇರುವುದಿಲ್ಲ, ಒಂದು ಅರ್ಜಿ ಫಾರಂ ಇರುತ್ತದೆ, ಅದರ ಹಿಂದೆ ಅವರ ನಿಯಮಗಳು ಇರುತ್ತವೆ, ನಿಮಗೆ ಬಾಯಲ್ಲಿ ಕೊಟ್ಟ ಮಾತು ಇರುವುದಿಲ್ಲ. ನಿಮ್ಮ ಮೆಸೇಜ್ ಹೀಗಿರಲಿ:

"ನಮಸ್ತೆ. ನಿನ್ನೆ ಮಾತಾಡಿದ ಹಾಗೆ: ತ್ರೀ ಶೇರಿಂಗ್, ತಿಂಗಳಿಗೆ 9,000, ಅಡ್ವಾನ್ಸ್ 9,000. ನನ್ನ ಶಿಫ್ಟ್ ಮಧ್ಯಾಹ್ನ 1ರಿಂದ ರಾತ್ರಿ 10, ರಾತ್ರಿ 11:45ರವರೆಗೆ ಗೇಟ್ ತೆಗೆಯುತ್ತೀರಿ, ರಾತ್ರಿ ಊಟ ಡಬ್ಬಿಯಲ್ಲಿ ತೆಗೆದಿಡುತ್ತೀರಿ. ಅಮ್ಮ ಬಂದರೆ ಎರಡು ದಿನ ಉಳಿಯಬಹುದು. ಖಾಲಿ ಮಾಡಲು ಹೇಳಿದ ದಿನದಿಂದ 30 ದಿನ ನೋಟಿಸ್, ಉಳಿದ ದಿನಗಳಿಗೆ ದಿನದ ಲೆಕ್ಕ. ಮೇಂಟೆನೆನ್ಸ್ 1,000 ಬಿಟ್ಟು ಬಾಕಿ ಅಡ್ವಾನ್ಸ್ ಖಾಲಿ ಮಾಡಿದ 7 ದಿನದೊಳಗೆ ವಾಪಸ್. ಸರಿ ಇದ್ದರೆ ಓಕೆ ಅಂತ ಕಳಿಸಿ, ಈಗಲೇ ಅಡ್ವಾನ್ಸ್ ಹಾಕುತ್ತೇನೆ."

ಕೊನೆಯ ಆ ಮಾತು ಮುಖ್ಯ. ದುಡ್ಡು ಇನ್ನೂ ನಿಮ್ಮ ಕೈಯಲ್ಲಿದೆ, ಓಕೆ ಬರಲು ಐದು ನಿಮಿಷ ಸಾಕು. ಹಾಕಿದ ಮೇಲೆ ಕಳಿಸಿದರೆ ನೀಲಿ ಗೆರೆ ಬೀಳುತ್ತದೆ, ಉತ್ತರ ಬರುವುದಿಲ್ಲ. ಅವರು ಯಾವುದಾದರೂ ಒಂದಕ್ಕೆ "ಇಲ್ಲ, ಇದು ಹಾಗಲ್ಲ" ಅಂದರೆ ಬೇಸರ ಮಾಡಿಕೊಳ್ಳಬೇಡಿ, ಆ ತಿದ್ದುಪಡಿಯನ್ನೂ ಬರೆದೇ ಕಳಿಸಲು ಹೇಳಿ. ರೂಮಿಗೆ ಹೋದ ದಿನ ಮಂಚ, ಕಬೋರ್ಡ್, ಗೋಡೆಯ ಒಂದು ಚಿಕ್ಕ ವಿಡಿಯೊ ಮಾಡಿ ಅದೇ ಚಾಟಿಗೆ ಹಾಕಿಡಿ.

ಖಾಲಿ ಮಾಡುವಾಗಲೂ ನೋಟಿಸನ್ನು ಅದೇ ಚಾಟಿನಲ್ಲಿ ತಾರೀಖು ಹಾಕಿ ಕಳಿಸಿ. ಮ್ಯಾನೇಜರಿಗೆ ಮೆಟ್ಟಿಲ ಮೇಲೆ ಸಿಕ್ಕಾಗ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ. ಹೇಳಿದ ದಿನಕ್ಕೆ ದುಡ್ಡು ಬರದಿದ್ದರೆ ಓಕೆ ಬಂದ ಮೆಸೇಜು, ರಸೀದಿ, ಪಾವತಿಯ ಸ್ಕ್ರೀನ್‌ಶಾಟ್ ಒಟ್ಟಿಗೆ ಸೇರಿಸಿ ಅವರಿಗೇ ಒಂದು ಗಡುವು ಕೊಟ್ಟು ಕಳಿಸಿ. ಹೆಚ್ಚಿನವು ಅಲ್ಲೇ ಮುಗಿಯುತ್ತವೆ. ಮುಗಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ, ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕ ಇಲ್ಲ, ವಕೀಲರಿಲ್ಲದೆ ನೀವೇ ದೂರು ಕೊಡಬಹುದು, ಆನ್‌ಲೈನಿನಲ್ಲೂ ಆಗುತ್ತದೆ. 8,000 ರೂಪಾಯಿಗೆ ಅಲ್ಲಿವರೆಗೆ ಹೋಗಲು ಸಮಯ, ತಾಳ್ಮೆ ಎರಡೂ ಬೇಕು, ಅದು ನಿಜ. ನೀವು ಫೋನ್ ಮಾಡಿದ ಮೂರು ಪಿಜಿಗಳಿಗೂ ಮೇಲಿನ ಮೆಸೇಜನ್ನು, ಈಗಲೇ ಅಡ್ವಾನ್ಸ್ ಹಾಕುವ ಮಾತು ಬಿಟ್ಟು, ಅವರವರ ಅಂಕಿ ಹಾಕಿ ಈ ವಾರವೇ ಕಳಿಸಿ, ಯಾರು ಏನು ಉತ್ತರ ಕೊಟ್ಟರು ನೋಡಿ, ಆಮೇಲೆ ರಾತ್ರಿ ಹೊತ್ತು ಹೋಗಿ ನೋಡಬೇಕಾದ್ದು ಒಂದೋ ಎರಡೋ ಉಳಿದಿರುತ್ತದೆ.